ರಾತ್ರಿ ಹೊತ್ತು ಮಾತ್ರ ನೆಟ್ ಸ್ಲೋ: ಟವರ್ ರಶ್ಶೋ, ಡೇಟಾ ಮುಗಿದದ್ದೋ?

ಪ್ರಶ್ನೆ: ಬೆಳಿಗ್ಗೆ ಎಲ್ಲ ಚೆನ್ನಾಗಿರೋ ಮೊಬೈಲ್ ನೆಟ್ ರಾತ್ರಿ 8ರಿಂದ 12ರ ತನಕ ಸತ್ತೇ ಹೋಗುತ್ತೆ. ಸಿಗ್ನಲ್ ಫುಲ್ ಇರುತ್ತೆ, ಕಾಲ್ ಕೂಡ ಕ್ಲಿಯರ್. ದಿನಕ್ಕೆ 1.5 ಜಿಬಿ ಪ್ಲಾನ್. ಇದು ಟವರ್ ಪ್ರಾಬ್ಲಮ್ಮಾ, ಇಲ್ಲಾ ಕಂಪನಿಯವರೇ ಸ್ಪೀಡ್ ಇಳಿಸ್ತಾರಾ? ಕಂಡುಹಿಡಿಯೋದು ಹೇಗೆ?

ಸ್ಪೀಡ್ ಎಷ್ಟಕ್ಕೆ ಇಳಿಯಿತು ಅನ್ನೋದಕ್ಕಿಂತ, ಇಳಿದ ಮೇಲೆ ಅದು ಹೇಗಿರುತ್ತದೆ ಅನ್ನೋದನ್ನು ನೋಡಿ. ದಿನದ ಡೇಟಾ ಮುಗಿದಿದ್ದರೆ ಸ್ಪೀಡ್ ಒಂದು ಅಂಕಿಗೆ ಬಂದು ಅಲ್ಲೇ ಅಂಟಿಕೊಳ್ಳುತ್ತದೆ. ಟವರ್ ಮೇಲೆ ರಶ್ ಇದ್ದರೆ ಏರಿಳಿತ ನಿಲ್ಲುವುದೇ ಇಲ್ಲ. ಊರೂರು ಸುತ್ತಿ ನೆಟ್‌ವರ್ಕ್ ಅಳೆಯುವುದೇ ನನ್ನ ಕೆಲಸ. ಅಲ್ಲಿ ನಾವು ಮೊದಲು ಗಮನಿಸುವುದೂ ಇದನ್ನೇ.

ದಿನದ ಲಿಮಿಟ್ ದಾಟಿದ ಮೇಲೆ ನಮ್ಮ ದೇಶದ ಹೆಚ್ಚಿನ ಪ್ಲಾನ್‌ಗಳಲ್ಲಿ ಸಿಗುವುದು 64 ಕೆಬಿಪಿಎಸ್. ಬಿಎಸ್‌ಎನ್‌ಎಲ್‌ನ ಹಲವು ಪ್ಲಾನ್‌ಗಳಲ್ಲಿ 40. ಇದು ಬಿಟ್‌ಗಳ ಲೆಕ್ಕ. ಮೊಬೈಲ್ ಪರದೆಯ ಮೇಲ್ಗಡೆ ಕಾಣುವ `KB/s` ಬೈಟ್‌ಗಳ ಲೆಕ್ಕ, ಹಾಗಾಗಿ 64ನ್ನು ಎಂಟರಿಂದ ಭಾಗಿಸಬೇಕು: ಸೆಕೆಂಡಿಗೆ 8 ಕೆಬಿ. ಒಂದು ಎಂಬಿ ಇಳಿಯೋಕೆ ಎರಡು ನಿಮಿಷದ ಮೇಲಾಗುತ್ತದೆ. ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಫೋಟೋ ಸುತ್ತುತ್ತಾ ಕೂರುತ್ತದೆ, ಯೂಟ್ಯೂಬ್ 144ಪಿಯಲ್ಲೂ ತಡವರಿಸುತ್ತದೆ. ಈಗಿನ ಬಹಳಷ್ಟು ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಸ್ಪೀಡನ್ನು ಮೇಲ್ಗಡೆಯೇ ತೋರಿಸುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿ ಏನಾದರೂ ಡೌನ್‌ಲೋಡ್‌ಗೆ ಹಾಕಿ. 7, 8, 8, 7 ಅಂತ ಅಲ್ಲೇ ಗಿರಕಿ ಹೊಡೆಯುತ್ತಿದ್ದರೆ ಟವರ್ ತಪ್ಪಲ್ಲ, ನಿಮ್ಮ 1.5 ಜಿಬಿ ಮುಗಿದಿದೆ.

ಟವರ್ ರಶ್ ಹೀಗಿರುವುದಿಲ್ಲ. ಒಂದು ಟವರ್‌ನ ಒಂದು ದಿಕ್ಕಿನಲ್ಲಿ ಇರುವವರೆಲ್ಲ ಅಲ್ಲಿನ ತರಂಗಾಂತರವನ್ನು ಹಂಚಿಕೊಳ್ಳಬೇಕು. ಯಾರಿಗೆ ಎಷ್ಟು ಅನ್ನೋದನ್ನು ಟವರ್ ಪ್ರತಿ ಮಿಲಿಸೆಕೆಂಡಿಗೂ ಹೊಸದಾಗಿ ಹಂಚುತ್ತದೆ. ಪಕ್ಕದ ಮನೆಯವರು ರೀಲ್ಸ್ ನಿಲ್ಲಿಸಿದರೆ ನಿಮಗೆ ಒಂದಿಷ್ಟು ಜಾಸ್ತಿ, ಮ್ಯಾಚ್ ಶುರುವಾದರೆ ಕಮ್ಮಿ. ಅದಕ್ಕೇ ಸ್ಪೀಡ್ ಟೆಸ್ಟ್‌ನಲ್ಲಿ ಈಗ 0.6 ಎಂಬಿಪಿಎಸ್, ಮರುನಿಮಿಷ 3, ಮತ್ತೆ 1 ಬರುತ್ತದೆ. ಇನ್ನೊಂದು ಗುರುತು ಅಪ್‌ಲೋಡ್. ರಾತ್ರಿ ಎಲ್ಲರೂ ನೋಡುವವರೇ, ಕಳಿಸುವವರು ಕಮ್ಮಿ. ಹಾಗಾಗಿ ಡೌನ್‌ಲೋಡ್ 0.8 ಇದ್ದು ಅಪ್‌ಲೋಡ್ 5 ಬಂದರೆ ಅದು ಟವರ್ ರಶ್ಶೇ. ಲಿಮಿಟ್ ಮುಗಿದಿದ್ದರೆ ಎರಡೂ ಕಡೆ ಅದೇ 0.06. ಆದರೆ ಅಪ್‌ಲೋಡ್ ಕೆಟ್ಟದಾಗಿ ಬಂತು ಅಂತ ಲಿಮಿಟ್ ಮುಗಿದಿದೆ ಅಂದುಕೊಳ್ಳಬೇಡಿ, ಸಿಗ್ನಲ್ ವೀಕ್ ಇರುವ ಒಳಕೋಣೆಯಲ್ಲಿ ಅಪ್‌ಲೋಡೇ ಮೊದಲು ಸೊರಗುತ್ತದೆ.

ಸಿಗ್ನಲ್ ಫುಲ್, ಕಾಲ್ ಕ್ಲಿಯರ್ ಅಂದಿರಿ. ಇವೆರಡೂ ಇಲ್ಲಿ ಸಾಕ್ಷಿಗೆ ಬರುವುದಿಲ್ಲ. ಟವರ್ ನಿಮಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಅನ್ನೋದಷ್ಟೇ ಕಡ್ಡಿಗಳ ಅರ್ಥ. ಅಲ್ಲಿ ಎಷ್ಟು ಜನ ಕ್ಯೂ ನಿಂತಿದ್ದಾರೆ ಅಂತ ಅವು ಹೇಳುವುದಿಲ್ಲ. ಇನ್ನು 4ಜಿ ಮೇಲಿನ ಕಾಲ್‌ಗೆ ನೆಟ್‌ವರ್ಕ್ ಒಳಗೇ ಬೇರೆ ದಾರಿ, ಮೊದಲ ಆದ್ಯತೆ. ಟವರ್ ತುಂಬಿದ್ದರೂ, ಡೇಟಾ ಮುಗಿದಿದ್ದರೂ ಕಾಲ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

‘ರಾತ್ರಿ 12ಕ್ಕೆ ಸರಿಹೋಗುತ್ತೆ, ಹಾಗಾದ್ರೆ ಡೇಟಾ ಲಿಮಿಟ್ಟೇ’ ಅಂತ ಬಹಳ ಜನ ತೀರ್ಮಾನಿಸುತ್ತಾರೆ. ದಿನದ ಡೇಟಾ ಹೊಸದಾಗಿ ಸೇರುವುದು ನಡುರಾತ್ರಿ, ನಿಜ. ಆದರೆ ಜನ ಮಲಗುವುದೂ ಅದೇ ಹೊತ್ತಿಗಲ್ಲವೇ? ಸರಿಹೋದದ್ದು ಹೇಗೆ ಅಂತ ನೋಡಬೇಕು. 11:50ಕ್ಕೆ 8 `KB/s` ಇದ್ದದ್ದು 12:05ಕ್ಕೆ ಏಕಾಏಕಿ ಹತ್ತು ಎಂಬಿಪಿಎಸ್‌ಗೆ ನೆಗೆದರೆ ಲಿಮಿಟ್. (ಕೆಲವೊಮ್ಮೆ ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಮಾತ್ರ ನೆಗೆಯುತ್ತದೆ.) 11ರಿಂದಲೇ ನಿಧಾನವಾಗಿ ಚೇತರಿಸಿಕೊಳ್ಳುತ್ತಾ ಬಂದರೆ ರಶ್ ಕರಗಿದೆ ಅಂತ. ಶುರುವಾಗುವ ಹೊತ್ತಿನಲ್ಲೂ ಸುಳಿವಿದೆ. ಟವರ್ ರಶ್ ದಿನಾ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತದೆ. ಲಿಮಿಟ್ ಮುಗಿಯುವ ಹೊತ್ತು ಅವತ್ತು ನೀವು ಎಷ್ಟು ವೀಡಿಯೊ ನೋಡಿದಿರಿ ಅನ್ನೋದರ ಮೇಲೆ ಹಿಂದೆ ಮುಂದೆ ಆಗುತ್ತದೆ.

ನನ್ನ ಅಕ್ಕನ ಮಗಳು ಬೆಂಗಳೂರಿನ ಪಿಜಿಯಲ್ಲಿದ್ದಾಳೆ, ಅವಳದ್ದೂ ಇದೇ ದೂರು. ಸಂಜೆ 6ಕ್ಕೆ 18 ಎಂಬಿಪಿಎಸ್ ಇತ್ತು. 8:30ಕ್ಕೆ 1.4, ಸ್ವಲ್ಪ ಹೊತ್ತು ಬಿಟ್ಟು 0.5, ಮತ್ತೆ 2.8. ಅದೇ ಕಂಪನಿಯ ಸಿಮ್ ಇದ್ದ ರೂಮ್‌ಮೇಟ್ ಮೊಬೈಲ್‌ನಲ್ಲೂ ಅದೇ ಕಥೆ. ಅಲ್ಲಿಗೆ ಟವರ್ ರಶ್ ಅಂತ ಖಾತ್ರಿಯಾಯಿತು. ಆದರೆ ಹತ್ತರ ಸುಮಾರಿಗೆ ಅವಳದ್ದು 8 `KB/s`ಗೆ ಬಿದ್ದು ಅಲ್ಲೇ ನಿಂತಿತು, ರೂಮ್‌ಮೇಟ್‌ದು ಕುಂಟುತ್ತಾ ನಡೆಯುತ್ತಲೇ ಇತ್ತು. ಕಂಪನಿಯ ಆ್ಯಪ್ ತೆಗೆದರೆ ಅವತ್ತಿನ ಡೇಟಾ ಸೊನ್ನೆ. ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಕೊಟ್ಟಿದ್ದಳು, ಅದು ಸದ್ದಿಲ್ಲದೆ ಅಪ್‌ಡೇಟ್ ಇಳಿಸಿಕೊಂಡಿತ್ತು. ಅಂದರೆ 8ರಿಂದ 10ರ ತನಕ ಟವರ್, 10ರಿಂದ 12ರ ತನಕ ಲಿಮಿಟ್. ನಿಮ್ಮದೂ ಹೀಗೆ ಎರಡೂ ಸೇರಿದ್ದಿರಬಹುದು, ಹಾಗಾಗಿ 8:30ಕ್ಕೊಮ್ಮೆ, 11ಕ್ಕೊಮ್ಮೆ ಬೇರೆ ಬೇರೆಯಾಗಿ ನೋಡಿ. ಟೆಸ್ಟ್ ಆ್ಯಪನ್ನೇ ಒತ್ತುತ್ತಾ ಕೂರಬೇಡಿ, ಒಳ್ಳೆ ಸ್ಪೀಡ್ ಇದ್ದಾಗ ಒಂದೊಂದು ಟೆಸ್ಟೂ ಹತ್ತಾರು ಎಂಬಿ ನುಂಗುತ್ತದೆ.

ಇವೆಲ್ಲ ಬೇಡ, ಒಂದೇ ಪರೀಕ್ಷೆ ಸಾಕು ಅಂದರೆ ಆ ರೂಮ್‌ಮೇಟ್ ಪರೀಕ್ಷೆಯನ್ನೇ ಮಾಡಿ: ಅದೇ ಕಂಪನಿಯ, ಡೇಟಾ ಉಳಿದಿರುವ ಇನ್ನೊಂದು ಸಿಮ್, ಅದೇ ಕೋಣೆ, ಅದೇ ಹೊತ್ತು. ಎರಡೂ 4ಜಿಯಲ್ಲೇ ಇರಲಿ. ಯಾಕೆಂದರೆ ಕೆಲವು ಪ್ಲಾನ್‌ಗಳಲ್ಲಿ 5ಜಿ ಬಳಕೆ ದಿನದ ಲೆಕ್ಕಕ್ಕೆ ಸೇರುವುದಿಲ್ಲ. ಅಂಥ ಸಿಮ್‌ನಲ್ಲಿ ಲಿಮಿಟ್ ಮುಗಿದರೂ ಮಹಡಿ ಮೇಲೆ 5ಜಿ ಸಿಕ್ಕಾಗ ಓಡುತ್ತದೆ, ಕೆಳಗೆ 4ಜಿಗೆ ಇಳಿದ ತಕ್ಷಣ 64 ಕೆಬಿಪಿಎಸ್. ಜನ ಇದನ್ನು ಸಿಗ್ನಲ್ ಪ್ರಾಬ್ಲಮ್ ಅಂದುಕೊಳ್ಳುತ್ತಾರೆ.

ಲಿಮಿಟ್ಟೇ ಕಾರಣವಾದರೆ ಎಲ್ಲಿ ಖರ್ಚಾಗುತ್ತಿದೆ ಅಂತ ಮೊಬೈಲ್‌ನ ಡೇಟಾ ಬಳಕೆ ಪಟ್ಟಿಯಲ್ಲಿ ನೋಡಿ. ಅದು ಸಾಮಾನ್ಯವಾಗಿ ತಿಂಗಳ ಲೆಕ್ಕ ತೋರಿಸುತ್ತದೆ, ಅವತ್ತಿನ ಉಳಿಕೆಗೆ ಕಂಪನಿಯ ಆ್ಯಪನ್ನೇ ನಂಬಿ. ಟವರ್ ರಶ್ ಆದರೆ ಡೇಟಾ ಪ್ಯಾಕ್ ಮೇಲೆ ಪ್ಯಾಕ್ ಹಾಕಿಸಿ ದುಡ್ಡು ಕಳೆಯಬೇಡಿ, ಕ್ಯೂ ಚಿಕ್ಕದಾಗುವುದಿಲ್ಲ. ಕಿಟಕಿ ಪಕ್ಕ ಕೂತು ನೋಡಿ. ಗೋಡೆ ದಾಟಿ ಒಳಗೆ ಬರುವ 850, 900 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಜಾಗ ಕಮ್ಮಿ. ಹೊರಗಡೆ 2300ರಂಥ ಬ್ಯಾಂಡ್ ಸಿಕ್ಕರೆ ಜಾಗ ಜಾಸ್ತಿ. ಅದೂ ಆಗದಿದ್ದರೆ 198ಕ್ಕೆ ಕಾಲ್ ಮಾಡಿ ದೂರು ಕೊಡಿ. ಸುಮ್ಮನೆ ‘ನೆಟ್ ಸ್ಲೋ’ ಅಂದರೆ ಮೊಬೈಲ್ ರೀಸ್ಟಾರ್ಟ್ ಮಾಡಿ ಅಂತಾರೆ, ಅದು ಅವರ ಮಂತ್ರ. ಯಾವ ಜಾಗ, ಎಷ್ಟರಿಂದ ಎಷ್ಟು ಗಂಟೆ, ಡೇಟಾ ಉಳಿದಿದ್ದಾಗ ಎಷ್ಟು ಸ್ಪೀಡ್ ಬಂತು ಅಂತ ಹೇಳಿ, ದೂರಿನ ನಂಬರ್ ತೆಗೆದುಕೊಳ್ಳಿ. ಪೋರ್ಟ್ ಮಾಡಿಸುವ ಯೋಚನೆ ಇದ್ದರೆ, ಹೋಗಬೇಕೆಂದಿರುವ ಕಂಪನಿಯ ಸಿಮ್ ಯಾರ ಹತ್ತಿರವಾದರೂ ಇಸಕೊಂಡು ನಿಮ್ಮ ಕೋಣೆಯಲ್ಲೇ ರಾತ್ರಿ 9ಕ್ಕೆ ನೋಡಿ. ಒಮ್ಮೆ ಹೋದರೆ 90 ದಿನ ಮತ್ತೆ ಬದಲಾಯಿಸುವ ಹಾಗಿಲ್ಲ.