ಇಫ್ ಇರುವ ವಾಕ್ಯವನ್ನು ರಿಪೋರ್ಟೆಡ್ ಸ್ಪೀಚ್‌ಗೆ ತರುವಾಗ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

ಪ್ರಶ್ನೆ: "ಡೈರೆಕ್ಟ್ ಸ್ಪೀಚ್‌ನಲ್ಲಿ ಇಫ್ ಬಂತಂದ್ರೆ ನನಗೆ ಪ್ರತಿ ಸಲ ತಪ್ಪಾಗುತ್ತೆ. ಟೆನ್ಸ್ ಯಾವಾಗ ಬದಲಾಯಿಸಬೇಕು, ಯಾವಾಗ ಹಾಗೇ ಬಿಡಬೇಕು? ಐ, ಯು ಏನಾಗುತ್ತೆ? ನಾನು ಕನ್ನಡ ಮೀಡಿಯಂ, ಊರು ಕಲಬುರಗಿ."

ನಾನೂ ಕಲಬುರಗಿಯಲ್ಲೇ ಇದ್ದೇನೆ. ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಈ ತಪ್ಪು ಎಲ್ಲಿ ಹುಟ್ಟುತ್ತದೆ ಅನ್ನೋದನ್ನು ಮೊದಲು ಹೇಳುತ್ತೇನೆ. ಅದು ತಿಳಿದರೆ ಉಳಿದದ್ದು ಅರ್ಧ ಸಲೀಸು.

ಕನ್ನಡದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ನಾವು ಮಾತಿನ ಒಳಗೆ ಕೈ ಹಾಕುವುದಿಲ್ಲ. "ನಾನು ನಾಳೆ ಬರ್ತೀನಿ ಅಂತ ಹೇಳಿದ" ಅಂದುಬಿಡುತ್ತೇವೆ. ಅವನು ಆಡಿದ "ನಾನು" ಹಾಗೇ ಇರುತ್ತದೆ, "ಬರ್ತೀನಿ" ಹಾಗೇ ಇರುತ್ತದೆ, ಕೊನೆಗೆ ಒಂದು "ಅಂತ" ಹಚ್ಚಿದರೆ ಕೆಲಸ ಮುಗಿಯಿತು. ಬರವಣಿಗೆಯಲ್ಲಿ "ತಾನು ಬರುತ್ತೇನೆ ಎಂದು ಹೇಳಿದ" ಎಂದು ಬರೆದಾಗಲೂ "ಬರುತ್ತೇನೆ" ಕದಲುವುದಿಲ್ಲ. ನಮ್ಮ ಕಡೆ ಮನೆಯಲ್ಲಿ ಉರ್ದು ಅಥವಾ ಮರಾಠಿ ಆಡುವವರೂ ಜಾಸ್ತಿ. ಅಲ್ಲೂ "ಕಿ" ಎಂದ ಮೇಲೆ ಹೇಳಿದವನ ಮಾತು ಇದ್ದಂತೇ ಬರುತ್ತದೆ. ನಮ್ಮ ದಖನಿಯಲ್ಲಂತೂ "ಬೋಲ್ಕೆ" ಅನ್ನೋದು ನಮ್ಮ "ಅಂತ" ಮಾಡುವ ಕೆಲಸವನ್ನೇ ಮಾಡುತ್ತದೆ. ಹಾಗಾಗಿ ಮನೆಯ ಮಾತು ಯಾವುದೇ ಇರಲಿ, ಕೈ ತಾನಾಗಿಯೇ ಒಳಗಿನ ಮಾತನ್ನು ಬದಲಾಯಿಸದೆ ಬರೆಯುತ್ತದೆ. ಇಂಗ್ಲಿಷ್ ಹಾಗಲ್ಲ. ಅಲ್ಲಿ ಇಡೀ ಮಾತನ್ನು ವರದಿ ಮಾಡುವವನು ನಿಂತ ಜಾಗದಿಂದ ಮತ್ತೆ ಹೇಳಬೇಕು.

ಒಂದು ವಾಕ್ಯ ಹಿಡಿದು ನೋಡೋಣ. ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವ ರಫೀಕ್ ಫೋನಿನಲ್ಲಿ ಶರಣಮ್ಮನಿಗೆ ಹೇಳುತ್ತಾನೆ ಅಂದುಕೊಳ್ಳಿ:

"ಇಫ್ ಯು ಕಮ್ ಟು ಬೀದರ್ ಟುಮಾರೋ, ಐ ವಿಲ್ ಶೋ ಯು ಮೈ ವರ್ಕ್‌ಶಾಪ್."

ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲ ಸಲ ಇದನ್ನು ಹೀಗೆ ಬರೆಯುತ್ತಾರೆ:

"ರಫೀಕ್ ಟೋಲ್ಡ್ ಶರಣಮ್ಮ ದ್ಯಾಟ್ ಇಫ್ ಯು ವಿಲ್ ಕಮ್ ಟು ಬೀದರ್ ಟುಮಾರೋ, ಐ ವಿಲ್ ಶೋ ಯು ಮೈ ವರ್ಕ್‌ಶಾಪ್."

ಇದನ್ನು ಓದುವವರ ಜಾಗದಲ್ಲಿ ನಿಂತು ನೋಡಿ. "ಯು" ಅಂದರೆ ಓದುತ್ತಿರುವವರು, "ಐ" ಅಂದರೆ ಬರೆದವರು. ಅಂದರೆ ಪತ್ರಿಕೆ ತಿದ್ದುವ ಮೇಷ್ಟ್ರು ಬೀದರಿಗೆ ಹೋಗಬೇಕು, ನೀವು ಅವರಿಗೆ ನಿಮ್ಮ ವರ್ಕ್‌ಶಾಪ್ ತೋರಿಸಬೇಕು! ರಫೀಕನೂ ಇಲ್ಲ, ಶರಣಮ್ಮನೂ ಇಲ್ಲ.

ಅದಕ್ಕೇ ಮೊದಲು ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ "ರಫೀಕ್, ಶರಣಮ್ಮನಿಗೆ" ಎಂದು ಬರೆದುಕೊಳ್ಳಿ. ಆಮೇಲೆ ಮಾತಿನೊಳಗಿನ ಒಂದೊಂದು ಸರ್ವನಾಮಕ್ಕೂ ಗೆರೆ ಎಳೆದು "ಇದು ಯಾರು?" ಎಂದು ಕೇಳಿ. ಮೊದಲ "ಯು" ಶರಣಮ್ಮ, ಬರುವವಳು ಅವಳು, ಆದ್ದರಿಂದ "ಶಿ". "ಐ" ರಫೀಕ್, ಆದ್ದರಿಂದ "ಹಿ". ಎರಡನೇ "ಯು" ಕೂಡ ಶರಣಮ್ಮನೇ, ಆದರೆ ಇಲ್ಲಿ ಅವಳು ತೋರಿಸುವವಳಲ್ಲ, ಅವಳಿಗೆ ತೋರಿಸುವುದು. ಆದ್ದರಿಂದ "ಹರ್". "ಮೈ" ರಫೀಕನದು, ಆದ್ದರಿಂದ "ಹಿಸ್". ಒಂದೇ "ಯು" ಒಂದು ಕಡೆ "ಶಿ", ಇನ್ನೊಂದು ಕಡೆ "ಹರ್" ಆಯಿತು ನೋಡಿ. ಕನ್ನಡದಲ್ಲಿ "ನೀನು", "ನಿನಗೆ" ಎಂದು ರೂಪ ಬೇರೆಯಾಗುತ್ತದೆ. ಇಂಗ್ಲಿಷಿನ "ಯು" ಎರಡಕ್ಕೂ ಒಂದೇ ವೇಷ. ಗೊತ್ತಾಗದಿದ್ದರೆ ಮಾತನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. "ನೀನು" ಬಂದರೆ "ಶಿ", "ನಿನಗೆ" ಬಂದರೆ "ಹರ್".

ಗೈಡ್‌ಗಳಲ್ಲಿ ಇದಕ್ಕೆ ಎಸ್‌ಒಎನ್ ಸೂತ್ರ ಇರುತ್ತದೆ: ಫಸ್ಟ್ ಪರ್ಸನ್ ಸಬ್ಜೆಕ್ಟ್‌ನಂತೆ, ಸೆಕೆಂಡ್ ಪರ್ಸನ್ ಆಬ್ಜೆಕ್ಟ್‌ನಂತೆ, ಥರ್ಡ್ ಪರ್ಸನ್‌ಗೆ ಬದಲಾವಣೆ ಇಲ್ಲ. ಸೂತ್ರ ಸರಿಯೇ ಇದೆ. ಆದರೆ ಸುಮ್ನೆ ಸೂತ್ರ ಹಿಡಿದು ಹೊರಟವರು "ಹರ್" ಬರುವ ಕಡೆ "ಶಿ" ಬರೆಯುವುದನ್ನು ನಾನು ದಿನಾ ನೋಡುತ್ತೇನೆ. "ಇದು ಯಾರು?" ಎಂಬ ಪ್ರಶ್ನೆಯೇ ಅದಕ್ಕಿಂತ ಗಟ್ಟಿ. ಇದೇ ಮಾತನ್ನು ಶರಣಮ್ಮ ತನ್ನ ತಾಯಿಗೆ ಹೇಳಿದರೆ "ರಫೀಕ್ ಟೋಲ್ಡ್ ಮಿ ದ್ಯಾಟ್ ಇಫ್ ಐ ಕೇಮ್" ಆಗುತ್ತದೆ. ಹೇಳುವವರು ಬದಲಾದರೆ ಸರ್ವನಾಮವೂ ಬದಲಾಗುತ್ತದೆ.

ಈಗ ಟೆನ್ಸ್. "ಟೋಲ್ಡ್" ಹಿಂದಿನ ಕಾಲ. ಅದಕ್ಕೆ ಒಳಗಿನ ಕ್ರಿಯಾಪದಗಳೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತವೆ. "ಕಮ್" ಇದ್ದದ್ದು "ಕೇಮ್", "ವಿಲ್" ಇದ್ದದ್ದು "ವುಡ್". "ಟುಮಾರೋ" ಇದ್ದದ್ದು "ದ ನೆಕ್ಸ್ಟ್ ಡೇ". ಪೂರ್ತಿ ಉತ್ತರ:

"ರಫೀಕ್ ಟೋಲ್ಡ್ ಶರಣಮ್ಮ ದ್ಯಾಟ್ ಇಫ್ ಶಿ ಕೇಮ್ ಟು ಬೀದರ್ ದ ನೆಕ್ಸ್ಟ್ ಡೇ, ಹಿ ವುಡ್ ಶೋ ಹರ್ ಹಿಸ್ ವರ್ಕ್‌ಶಾಪ್."

ಇಲ್ಲಿ ಎಲ್ಲರೂ ಒಂದು ಸಲ ತಡವರಿಸುತ್ತಾರೆ. "ಸರ್, ಆಕೆ ಇನ್ನೂ ಬಂದೇ ಇಲ್ಲ, ಕೇಮ್ ಹೇಗೆ ಬರುತ್ತದೆ?" ನಿಮ್ಮ ಕನ್ನಡವನ್ನೇ ಕೇಳಿಸಿಕೊಳ್ಳಿ. "ನಾಳೆ ಬಂದರೆ ತೋರಿಸ್ತೀನಿ." "ಬಂದರೆ" ಒಳಗೆ ಕೂತಿರುವುದು "ಬಂದ", ಅದು ಹಿಂದಿನ ಕಾಲದ ರೂಪ. ಪಕ್ಕದಲ್ಲೇ "ನಾಳೆ" ಇದೆ, ಆದರೂ ನಮಗೆ ಎಂದೂ ವಿಚಿತ್ರ ಅನಿಸಿಲ್ಲ, ಅಲ್ವಾ? "ಬರುತ್ತದರೆ" ಅಂತ ಯಾರೂ ಅನ್ನುವುದಿಲ್ಲ. ಹಾಗೇ ಷರತ್ತಿನ "ಇಫ್" ಭಾಗದಲ್ಲಿ ಇಂಗ್ಲಿಷಿನವರೂ ಸಾಮಾನ್ಯವಾಗಿ "ವಿಲ್" ಹಾಕುವುದಿಲ್ಲ. "ವಿಲ್", "ವುಡ್" ಇರಬೇಕಾದದ್ದು ಫಲದ ಭಾಗದಲ್ಲಿ, ಅಂದರೆ ನಮ್ಮ "ತೋರಿಸ್ತೀನಿ" ಇರುವ ಕಡೆ.

ಈಗ ಹೆಚ್ಚು ಅಂಕ ಕಳೆಯುವ ಜಾಗಕ್ಕೆ ಬರೋಣ. ಒಂದು ಹೆಜ್ಜೆ ಹಿಂದೆ ಸರಿಸುವುದು ಕಲಿತ ಮೇಲೆ ಮಕ್ಕಳು ಎಲ್ಲವನ್ನೂ ಸರಿಸಲು ಶುರು ಮಾಡುತ್ತಾರೆ. ಶರಣಮ್ಮ ಉತ್ತರ ಕೊಡುತ್ತಾಳೆ:

"ಇಫ್ ಐ ಹ್ಯಾಡ್ ಎ ಕಾರ್, ಐ ವುಡ್ ಕಮ್ ಟುಡೇ."

ಇದು "ನನ್ನ ಹತ್ತಿರ ಕಾರು ಇದ್ದಿದ್ದರೆ ಇವತ್ತೇ ಬರ್ತಿದ್ದೆ" ಎಂಬ ಮಾತು. ಕಾರು ಇಲ್ಲ, ಸುಮ್ನೆ ಕಲ್ಪನೆ. ಇಲ್ಲಿನ "ಹ್ಯಾಡ್" ನಿಜವಾದ ಹಿಂದಿನ ಕಾಲ ಅಲ್ಲ. ಇಲ್ಲದ್ದನ್ನು ಇದ್ದಂತೆ ಊಹಿಸಲು ಆ ರೂಪ ತೊಟ್ಟಿದೆ. ಆದ್ದರಿಂದ ಅದನ್ನು ಸರಿಸಬೇಕಾಗಿಲ್ಲ. ಸರ್ವನಾಮ ಮತ್ತು ದಿನ ಮಾತ್ರ ಬದಲಿಸಿ:

"ಶರಣಮ್ಮ ಸೆಡ್ ದ್ಯಾಟ್ ಇಫ್ ಶಿ ಹ್ಯಾಡ್ ಎ ಕಾರ್, ಶಿ ವುಡ್ ಕಮ್ ದ್ಯಾಟ್ ಡೇ."

"ಹ್ಯಾಡ್ ಹ್ಯಾಡ್" ಮತ್ತು "ವುಡ್ ಹ್ಯಾವ್ ಕಮ್" ಎಂದು ಬರೆದರೆ ಓದುವವರಿಗೆ ಬೇರೆ ಕಥೆ ಕಾಣುತ್ತದೆ. ಹಿಂದೆ ಯಾವಾಗಲೋ ಬರುವ ಅವಕಾಶವಿತ್ತು, ಕಾರಿಲ್ಲದೆ ಆಗ ತಪ್ಪಿಹೋಯಿತು ಎಂದು. "ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್" ಎಂಬಂಥ ವಾಕ್ಯದಲ್ಲಂತೂ ಸರಿಸಲು ಹಿಂದೆ ಜಾಗವೇ ಇಲ್ಲ. ಅಲ್ಲಿ "ಐ" ಮಾತ್ರ "ಶಿ" ಆಗುತ್ತದೆ, ಅಷ್ಟೇ.

ಇಲ್ಲಿ ಕನ್ನಡ ಪೂರ್ತಿ ಸಹಾಯಕ್ಕೆ ಬರುವುದಿಲ್ಲ ಅನ್ನೋದನ್ನೂ ಹೇಳಬೇಕು. "ಇದ್ದಿದ್ದರೆ ಬರ್ತಿದ್ದೆ" ಅನ್ನೋದನ್ನು ನಾವು ಇವತ್ತಿನ ಮಾತಿಗೂ ಆಡುತ್ತೇವೆ, ಹೋದ ವಾರದ ಮಾತಿಗೂ ಆಡುತ್ತೇವೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ರೂಪ ಬೇರೆ. ಅದಕ್ಕೆ ನಾನು ಮಕ್ಕಳಿಗೆ ವಾಕ್ಯದ ಮುಂದೆ "ಈಗ" ಅಥವಾ "ಆಗ" ಇಟ್ಟು ನೋಡಲು ಹೇಳುತ್ತೇನೆ. "ಈಗ ಇದ್ದಿದ್ದರೆ" ಕೂತರೆ "ಹ್ಯಾಡ್, ವುಡ್". "ಆಗ ಇದ್ದಿದ್ದರೆ" ಕೂತರೆ "ಹ್ಯಾಡ್ ಹ್ಯಾಡ್, ವುಡ್ ಹ್ಯಾವ್". ಡೈರೆಕ್ಟ್ ಸ್ಪೀಚ್‌ನಲ್ಲಿ ಇವುಗಳಲ್ಲಿ ಯಾವುದಿದೆಯೋ ಅದೇ ವರದಿಯಲ್ಲೂ ಉಳಿಯುತ್ತದೆ.

ಸರಿಸದೆ ಬಿಡಬಹುದಾದ ಇನ್ನೊಂದು ಬಗೆ ಇದೆ. ಬಿದ್ರಿ ಪಾತ್ರೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿದ ಲೇಪ ಹಚ್ಚುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಬೆಳ್ಳಗೇ ಉಳಿಯುತ್ತದೆ. ರಫೀಕ್ ಅದನ್ನು ಹೇಳುತ್ತಾನೆ: "ಇಫ್ ಯು ಅಪ್ಲೈ ದ ಪೇಸ್ಟ್, ದ ಮೆಟಲ್ ಟರ್ನ್ಸ್ ಬ್ಲ್ಯಾಕ್." ಇದು ಯಾವಾಗಲೂ ನಡೆಯುವ ಸಂಗತಿ. ಆದ್ದರಿಂದ "ರಫೀಕ್ ಸೆಡ್ ದ್ಯಾಟ್ ಇಫ್ ಯು ಅಪ್ಲೈ ದ ಪೇಸ್ಟ್, ದ ಮೆಟಲ್ ಟರ್ನ್ಸ್ ಬ್ಲ್ಯಾಕ್" ಎಂದು ಹಾಗೇ ಬಿಡಬಹುದು. "ಯು" ಕೂಡ "ಶಿ" ಆಗಲಿಲ್ಲ, ಗಮನಿಸಿ. ಇಲ್ಲಿ "ಯು" ಅಂದರೆ ಶರಣಮ್ಮ ಅಲ್ಲ, ಯಾರು ಹಚ್ಚಿದರೂ ಎಂದರ್ಥ. "ಇದು ಯಾರು?" ಪ್ರಶ್ನೆ ಇಲ್ಲೂ ಕೆಲಸಕ್ಕೆ ಬಂತು. ಹೊರಗಿನ ಕ್ರಿಯಾಪದ "ಸೇಸ್" ಆಗಿದ್ದರೆ ಟೆನ್ಸ್ ಗೊಡವೆಯೇ ಇಲ್ಲ, ಸರ್ವನಾಮ ನೋಡಿಕೊಂಡರೆ ಸಾಕು.

ಕೊನೆಯದು ಎರಡು ಇಫ್‌ಗಳ ವಿಷಯ. ಹೋದ ವರ್ಷ ಯಾದಗಿರಿ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ "ಇಫ್ ಆದ ಮೇಲೆ ವಿಲ್, ವುಡ್ ಬರಬಾರದು" ಎಂದು ಚೆನ್ನಾಗಿ ಕಲಿತಿದ್ದಳು. "ವಿಲ್ ಯು ಕಮ್?" ಎಂಬ ಪ್ರಶ್ನೆಯನ್ನು ವರದಿ ಮಾಡುವಾಗ "ಹಿ ಆಸ್ಕ್ಡ್ ಹರ್ ಇಫ್ ಶಿ ಕೇಮ್" ಎಂದು ಬರೆದಿದ್ದಳು. ಅವಳಿಗೆ ನಿಯಮ ಗೊತ್ತಿತ್ತು, ಇಫ್ ಗುರುತು ಸಿಕ್ಕಿರಲಿಲ್ಲ. ಈ ಇಫ್ ಷರತ್ತಿನದಲ್ಲ, ಪ್ರಶ್ನೆಯದು. ಕನ್ನಡದಲ್ಲಿ ಎರಡೂ ಬೇರೆ ಬೇರೆ: ಷರತ್ತಿಗೆ "ಬಂದರೆ", ಪ್ರಶ್ನೆಗೆ "ಬರುತ್ತಾಳೋ ಇಲ್ಲವೋ". ಬಾಯಲ್ಲಿ "ರೆ" ಬಂದರೆ ಅದು ಷರತ್ತಿನ ಇಫ್, ಅದರ ಜೊತೆ "ವುಡ್" ಬೇಡ. "ಓ ಇಲ್ಲವೋ" ಬಂದರೆ ಅದು ಪ್ರಶ್ನೆಯ ಇಫ್, ಕೇಳಿದ ಪ್ರಶ್ನೆಯಲ್ಲಿ "ವಿಲ್" ಇದ್ದರೆ ಅಲ್ಲಿ "ವುಡ್" ಬೇಕೇ ಬೇಕು. ಇದನ್ನು ಹೇಳಿದ ಮೇಲೆ ಅವಳೇ "ಹಿ ಆಸ್ಕ್ಡ್ ಹರ್ ಇಫ್ ಶಿ ವುಡ್ ಕಮ್" ಎಂದು ತಿದ್ದಿದಳು.

ಎರಡೂ ಒಂದೇ ವಾಕ್ಯದಲ್ಲಿ ಸಿಕ್ಕರೆ ಪ್ರಶ್ನೆಯ ಇಫ್ ಬದಲು "ವೆದರ್" ಹಾಕಿ, ಗೊಂದಲ ಇರುವುದಿಲ್ಲ. ರಫೀಕ್ ಶರಣಮ್ಮನನ್ನು "ವಿಲ್ ಯು ಕಮ್ ಇಫ್ ಇಟ್ ರೇನ್ಸ್?" ಎಂದು ಕೇಳಿದ ಅಂದುಕೊಳ್ಳಿ. ಮಳೆ ಬಂದರೆ, ಬರುತ್ತಾಳೋ ಇಲ್ಲವೋ. ವರದಿ ಹೀಗಾಗುತ್ತದೆ:

"ರಫೀಕ್ ಆಸ್ಕ್ಡ್ ಶರಣಮ್ಮ ವೆದರ್ ಶಿ ವುಡ್ ಕಮ್ ಇಫ್ ಇಟ್ ರೇನ್ಡ್."

ಇದೇ ವಾಕ್ಯವನ್ನು ಈಗ ಶರಣಮ್ಮನ ಬಾಯಲ್ಲಿ, ಅವಳ ತಾಯಿಗೆ ಹೇಳುವಂತೆ ಬರೆದು ಕೆಳಗೆ ಹಾಕಿ. ನಾನು ನೋಡುತ್ತೇನೆ.