ಎಲ್‌ಎಲ್‌ಆರ್ ಅರ್ಜಿ ಮತ್ತು ನಿಯಮಗಳ ಪರೀಕ್ಷೆ

ಪ್ರಶ್ನೆ: ಕರ್ನಾಟಕದಲ್ಲಿ ಕಲಿಕಾ ಪರವಾನಗಿಗೆ ಅರ್ಜಿ ಹಾಕುವುದು ಹೇಗೆ? ಪರೀಕ್ಷೆಗೆ ಏನು ಓದಬೇಕು?

ಉತ್ತರ: sarathi.parivahan.gov.in ತಾಣದಲ್ಲಿ ಕರ್ನಾಟಕವನ್ನು ಆರಿಸಿ, ಕಲಿಕಾ ಪರವಾನಗಿಯ ಅರ್ಜಿ ತುಂಬಿ, ವಯಸ್ಸು ಮತ್ತು ವಿಳಾಸದ ದಾಖಲೆಗಳನ್ನು ಸೇರಿಸಿ ಶುಲ್ಕ ಕಟ್ಟಬೇಕು. ಹೆಸರು ಮತ್ತು ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲೂ ಒಂದೇ ಆಗಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಗೇರ್ ಇರುವ ಬೈಕ್ ಅಥವಾ ಕಾರಿಗೆ 18 ವರ್ಷ ತುಂಬಿರಬೇಕು.

ಪರೀಕ್ಷೆಯಲ್ಲಿ ಕನಿಷ್ಠ ಶೇ. 60ರಷ್ಟು ಉತ್ತರಗಳು ಸರಿಯಾಗಿರಬೇಕು. ಸಂಚಾರ ಚಿಹ್ನೆಗಳು, ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲುಗಾರರಿಲ್ಲದ ರೈಲ್ವೆ ಗೇಟು ದಾಟುವ ಎಚ್ಚರಿಕೆ ಮತ್ತು ವಾಹನದಲ್ಲಿ ಇರಬೇಕಾದ ದಾಖಲೆಗಳು ಇದರ ವಿಷಯಗಳು.

ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಕ್ಕಿಂತ ಆಕಾರದಿಂದ ಗುರುತಿಸುವುದು ಸುಲಭವೆಂದು ನನ್ನ ಅಭಿಪ್ರಾಯ: ವೃತ್ತವು ಪಾಲಿಸಲೇಬೇಕಾದ ಆದೇಶ, ಮೇಲ್ಮುಖ ತ್ರಿಕೋನವು ಎಚ್ಚರಿಕೆ, ಆಯತವು ಮಾಹಿತಿ. ತಲೆಕೆಳಗಾದ ತ್ರಿಕೋನ ಮಾತ್ರ ಎಚ್ಚರಿಕೆಯಲ್ಲ, ‘ದಾರಿ ಬಿಡಿ’ ಎಂಬ ಆದೇಶ. ಹೆಚ್ಚಿನವರು ಎಡವುವುದು ಇಂಥಲ್ಲೇ. ನೀಲಿ ಹಿನ್ನೆಲೆಯ ಕೆಂಪು ವೃತ್ತದಲ್ಲಿ ಒಂದು ಓರೆಗೆರೆಯಿದ್ದರೆ ವಾಹನ ನಿಲುಗಡೆ ನಿಷಿದ್ಧ, ಎರಡು ಗೆರೆಗಳು ಅಡ್ಡಹಾಯ್ದಿದ್ದರೆ ಕ್ಷಣಮಾತ್ರವೂ ನಿಲ್ಲಿಸುವಂತಿಲ್ಲ.

ಆದ್ಯತೆಯ ಪ್ರಶ್ನೆಗಳಿಗೆ ಕಾರಣ ಯೋಚಿಸಿ ಉತ್ತರಿಸಿ. ಕಿರಿದಾದ ಘಾಟಿ ರಸ್ತೆಯಲ್ಲಿ ಎರಡು ವಾಹನಗಳು ಎದುರಾದರೆ ಇಳಿಯುತ್ತಿರುವುದು ದಾರಿ ಬಿಡಬೇಕು, ಏಕೆಂದರೆ ಏರಿನಲ್ಲಿ ನಿಂತ ವಾಹನವನ್ನು ಮತ್ತೆ ಹೊರಡಿಸುವುದು ಕಷ್ಟ.

ಪರವಾನಗಿ ಆರು ತಿಂಗಳು ಊರ್ಜಿತವಾಗಿರುತ್ತದೆ. ಪಡೆದ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹೋಗಬಹುದು.