ಐಸೋಟೈಪ್, ಅಲೋಟೈಪ್, ಇಡಿಯೋಟೈಪ್: ಚುಚ್ಚಿದ್ದು ಯಾರಿಗೆ?

ಪ್ರಶ್ನೆ: "ಪ್ರತಿಕಾಯಗಳ ಐಸೋಟೈಪ್, ಅಲೋಟೈಪ್, ಇಡಿಯೋಟೈಪ್ ಮೂರೂ ಪರೀಕ್ಷೆಯಲ್ಲಿ ಅದಲುಬದಲಾಗ್ತವೆ. ನೆನಪಿಡೋಕೆ ಏನಾದರೂ ಸುಲಭದ ಸೂತ್ರ ಇದೆಯಾ?"

ಸೂತ್ರ ಬೇಡ, ಅದರಿಂದಲೇ ನಾನು ಕೆಟ್ಟಿದ್ದು. "ಐಸೋ ಜಾತಿಗೆ, ಅಲೋ ಗುಂಪಿಗೆ, ಇಡಿಯೋ ವ್ಯಕ್ತಿಗೆ" ಅಂತ ಉರು ಹೊಡೆದು ಎಂಎಸ್ಸಿ ವೈವಾಕ್ಕೆ ಹೋಗಿದ್ದೆ. "ನಿಮ್ಮ ರಕ್ತದಲ್ಲಿ ಎಷ್ಟು ಇಡಿಯೋಟೈಪ್ ಇವೆ?" ಅಂದರು ಪರೀಕ್ಷಕರು. "ಒಂದು ಸರ್" ಅಂದೆ. ಅಲ್ಲಿಗೆ ವೈವಾ ಮುಗಿಯಿತು, ಅಂಕವೂ ಹೋಯಿತು.

ತಪ್ಪು ಎಲ್ಲಿತ್ತು ಅಂದರೆ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದು ಅಲೋಟೈಪ್. ಇಡಿಯೋಟೈಪ್ ಬದಲಾಗುವುದು ಒಬ್ಬನ ಮೈಯೊಳಗೇ, ಒಂದು ಬಿ ಕೋಶದ ಸಂತತಿಯಿಂದ ಇನ್ನೊಂದಕ್ಕೆ. ಅದು ಪ್ರತಿಕಾಯದ ವೇರಿಯಬಲ್ ಭಾಗದ ಗುರುತು. ಆ ಭಾಗವೇ ಆಂಟಿಜನ್ ಹಿಡಿಯುವುದರಿಂದ, ನಿಮ್ಮ ರಕ್ತದಲ್ಲಿ ಎಷ್ಟು ಬಗೆಯ ಪ್ರತಿಕಾಯಗಳಿವೆಯೋ ಹೆಚ್ಚುಕಡಿಮೆ ಅಷ್ಟು ಇಡಿಯೋಟೈಪ್. ಕ್ಲಾಸ್ ಸ್ವಿಚ್ ಆಗಿ ಐಜಿಎಂ ಐಜಿಜಿಯಾದರೆ ಐಸೋಟೈಪ್ ಬದಲಾಗುತ್ತದೆ, ವೇರಿಯಬಲ್ ಭಾಗ ಹಾಗೇ ಉಳಿಯುವುದರಿಂದ ಇಡಿಯೋಟೈಪ್ ಬದಲಾಗುವುದಿಲ್ಲ. ಇದನ್ನೂ ಕೇಳುತ್ತಾರೆ, ನೋಡಿಕೊಳ್ಳಿ.

ಇನ್ನುಳಿದೆರಡೂ ಕಾನ್‌ಸ್ಟಂಟ್ ಭಾಗದವು. ಐಸೋಟೈಪ್‌ಗಳಿಗೆ ಬೇರೆಬೇರೆ ಜೀನ್‌ಗಳು, ಅವೆಲ್ಲ ನಮ್ಮೆಲ್ಲರಲ್ಲೂ ಇವೆ: ಐಜಿಜಿ1ರಿಂದ 4, ಐಜಿಎ1 ಮತ್ತು 2, ಐಜಿಎಂ, ಐಜಿಡಿ, ಐಜಿಇ. ಅಲೋಟೈಪ್ ಅಂದರೆ ಒಂದೇ ಜೀನ್‌ನ ಬೇರೆಬೇರೆ ಅಲೀಲ್. ಐಜಿಜಿ1ರ ಹೆವಿ ಚೈನ್‌ನ 214ನೇ ಜಾಗದಲ್ಲಿ ಕೆಲವರಿಗೆ ಆರ್ಜಿನೀನ್, ಕೆಲವರಿಗೆ ಲೈಸೀನ್. ಅಷ್ಟೇ ವ್ಯತ್ಯಾಸ. ಎರಡೂ ಐಜಿಜಿ1 ತಾನೇ.

ಸೂತ್ರದ ಬದಲು ಒಂದು ಪ್ರಶ್ನೆ ಇಟ್ಟುಕೊಳ್ಳಿ: ಈ ಪ್ರತಿಕಾಯವನ್ನು ಯಾರಿಗೆ ಚುಚ್ಚಿದರೆ, ಅವರ ಮೈ ಯಾವ ಭಾಗವನ್ನು ಪರಕೀಯ ಅನ್ನುತ್ತದೆ? ಮನುಷ್ಯನ ಐಜಿಜಿಯನ್ನು ಮೊಲಕ್ಕೆ ಚುಚ್ಚಿದರೆ ಕಾನ್‌ಸ್ಟಂಟ್ ಭಾಗವೇ ಹೊಸದು. ಮುಖ್ಯವಾಗಿ ಐಸೋಟೈಪ್ ವಿರುದ್ಧ ಪ್ರತಿಕಾಯ ಬರುತ್ತದೆ. ಮತ್ತೆಮತ್ತೆ ರಕ್ತ ಪಡೆದವರಲ್ಲಿ, ದಾನಿಯ ಅಲೀಲ್ ತಮ್ಮಲ್ಲಿಲ್ಲದಿದ್ದರೆ, ಅಲೋಟೈಪ್ ವಿರುದ್ಧ ಬರಬಹುದು. ಅಲೋಟೈಪ್ ಕೂಡ ಒಂದೇ ಆಗಿದ್ದರೆ ಹೊಸದಾಗಿ ಉಳಿಯುವುದು ಇಡಿಯೋಟೈಪ್ ಮಾತ್ರ.

ಸಂಧಿವಾತಕ್ಕೆ ಕೊಡುವ ಅಡಾಲಿಮುಮ್ಯಾಬ್ ನೋಡಿ. ಅದು ಪೂರ್ತಿ ಮಾನವ ಐಜಿಜಿ1. ಹಾಗಾಗಿ ರೋಗಿಗೆ ಐಸೋಟೈಪ್ ಪರಿಚಿತ, ಅಲೋಟೈಪ್ ಹೊಂದಬಹುದು, ಹೊಂದದಿರಬಹುದು. ಆದರೂ ಕೆಲವರಲ್ಲಿ ಔಷಧದ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ, ಅವು ಬಹುಪಾಲು, ಉರಿಯೂತ ಹುಟ್ಟಿಸುವ ಟಿಎನ್‌ಎಫ್ ಪ್ರೋಟೀನನ್ನು ಔಷಧ ಹಿಡಿಯುವ ಜಾಗಕ್ಕೇ ಅಂಟುತ್ತವೆ, ಅಂದರೆ ಇಡಿಯೋಟೈಪ್‌ಗೆ. ಹಿಡಿಯುವ ಜಾಗ ಮುಚ್ಚಿಹೋದ ಮೇಲೆ ಔಷಧಕ್ಕೆ ಟಿಎನ್‌ಎಫ್ ಸಿಗುವುದಿಲ್ಲ, ಕೀಲುನೋವು ಮರಳುತ್ತದೆ. "ಪೂರ್ತಿ ಮಾನವ" ಅಂದಮೇಲೆ ಇಮ್ಯೂನ್ ಪ್ರತಿಕ್ರಿಯೆ ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ಇದನ್ನೇ ಬರೆಯಿರಿ.